ಡಬ್ಬಿಯಲ್ಲಿ ಹೆಸರಿಲ್ಲದ ಮಾತ್ರೆ ಸಿಕ್ಕರೆ ಏನು ಮಾಡಬೇಕು?

ಕಳೆದ ವರ್ಷದ ಒಂದು ಬುಧವಾರ, ಸಂಜೆ ಏಳು ಗಂಟೆ. ರಾಜಾಜಿನಗರದ ನಮ್ಮ ಮನೆಯಲ್ಲಿ ಅಮ್ಮನ ಮಾತ್ರೆ ಡಬ್ಬಿ ತೆರೆದೆ. ವಾರದ ಏಳು ದಿನಕ್ಕೆ ಏಳು ಖಾನೆ ಇರುವ ಪ್ಲಾಸ್ಟಿಕ್ ಡಬ್ಬಿ ಅದು. ಪ್ರತಿ ಭಾನುವಾರ ನಾನೇ ತುಂಬಿಸಿಡುತ್ತೇನೆ. ಗುರುವಾರದ ಖಾನೆಯಲ್ಲಿ ನಾನು ಹಾಕದ ಒಂದು ಮಾತ್ರೆ ಇತ್ತು. ಬಿಳಿ ಬಣ್ಣ, ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು, ಮಧ್ಯೆ ಒಂದು ಗೀಟು. ಶುಕ್ರವಾರದ ಖಾನೆಯಲ್ಲೂ ಅಂಥದ್ದೇ ಒಂದು, ಶನಿವಾರ, ಭಾನುವಾರದಲ್ಲೂ ಒಂದೊಂದು.

ಅಮ್ಮನಿಗೆ 74 ವರ್ಷ. ಶುಗರ್ ಇದೆ, ಬಿಪಿ ಇದೆ. ಹತ್ತು ದಿನದ ಹಿಂದಷ್ಟೇ ಮೂತ್ರದ ಸೋಂಕಿಗೆ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದರು. ಆ ಸಂಜೆ ನಾನು ಮಾಡಿದ್ದರಲ್ಲಿ ಸರಿಯಾದದ್ದೂ ಇತ್ತು, ತಪ್ಪಿದ್ದೂ ಇತ್ತು. ನಿಮ್ಮ ಮನೆಯಲ್ಲೂ ಹೀಗಾದರೆ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮಾಡಲೇಬಾರದು ಅಂತ ಹೇಳುತ್ತೇನೆ.

ಮೊದಲು ಮನುಷ್ಯರನ್ನು ನೋಡಿ, ಆಮೇಲೆ ಮಾತ್ರೆ

ಮಾತ್ರೆ ಕೈಯಲ್ಲಿ ಹಿಡಿದುಕೊಂಡು ಇದು ಯಾವುದು ಅಂತ ಯೋಚಿಸುವುದೇ ನಾವೆಲ್ಲ ಮಾಡುವ ಮೊದಲ ತಪ್ಪು. ನಾನೂ ಐದು ನಿಮಿಷ ಅದನ್ನೇ ಮಾಡಿದೆ. ಮೊದಲು ಅಪ್ಪನನ್ನೋ ಅಮ್ಮನನ್ನೋ ಎದುರಿಗೆ ಕೂರಿಸಿಕೊಂಡು ನೋಡಿ. ಮಾತು ಸರಿಯಾಗಿ ಬರುತ್ತಿದೆಯಾ? ಬೆವರುತ್ತಿದ್ದಾರಾ, ಕೈ ನಡುಗುತ್ತಿದೆಯಾ? ಎಂದೂ ಇಲ್ಲದ ಮಂಪರು ಇದೆಯಾ? ಎದ್ದು ನಿಂತರೆ ತಲೆ ಸುತ್ತುತ್ತಾ? ಒಸಡಿನಲ್ಲಿ ರಕ್ತ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ, ಕಪ್ಪು ಮಲ ಏನಾದರೂ ಇದೆಯಾ? ಎಚ್ಚರ ತಪ್ಪಿದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಉಸಿರಾಟ ಕಷ್ಟವಾಗಿದ್ದರೆ ಮಾತ್ರೆ ಹುಡುಕುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಡಬ್ಬಿಯನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಹೊರಡಿ.

ಅಷ್ಟು ತುರ್ತು ಇಲ್ಲದಿದ್ದರೆ ಮನೆಯಲ್ಲಿರುವ ಯಂತ್ರಗಳನ್ನು ತೆಗೆಯಿರಿ. ಬಿಪಿ ನೋಡಿ. ಅದೇ ಯಂತ್ರ ನಾಡಿ ಬಡಿತವನ್ನೂ ತೋರಿಸುತ್ತದೆ. ಮೇಲಿನ ಬಿಪಿ 90ಕ್ಕಿಂತ ಕೆಳಗೆ, ಅಥವಾ ನಾಡಿ 50ಕ್ಕಿಂತ ಕೆಳಗೆ ಇದ್ದರೆ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ. ಬೆರಳು ಚುಚ್ಚಿ ಶುಗರ್ ನೋಡಿ. ಅವರಿಗೆ ಶುಗರ್ ಇಲ್ಲದಿದ್ದರೂ ನೋಡಿ, ಏಕೆಂದರೆ ಆ ಮಾತ್ರೆ ಮನೆಯಲ್ಲಿ ಇನ್ನೊಬ್ಬರ ಶುಗರ್ ಮಾತ್ರೆ ಆಗಿರಬಹುದು.

ಅಮ್ಮನ ಶುಗರ್ 64 ಇತ್ತು. 70ಕ್ಕಿಂತ ಕೆಳಗೆ ಬಂದರೆ ಕಡಿಮೆ ಅಂತಲೇ ಲೆಕ್ಕ. "ಮೂರು ದಿನದಿಂದ ಊಟದ ಹೊತ್ತಿಗೆ ಒಂಥರಾ ಕೈ ನಡುಕ ಕಣೆ, ಕಾಫಿ ಕುಡಿದರೆ ಸರಿ ಹೋಗುತ್ತೆ" ಅಂದರು. ಆಸ್ಪತ್ರೆಯಿಂದ ಬಂದ ನಿಶ್ಶಕ್ತಿ ಅಂದುಕೊಂಡು ಯಾರಿಗೂ ಹೇಳಿರಲಿಲ್ಲ.

ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಹಾಕಿ ಕುಡಿಸಿದೆ. ಇದು ಸುಮಾರು 15 ಗ್ರಾಂ ಆಗುತ್ತದೆ. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಬೇಕು. ಮಂಪರಿನಲ್ಲಿದ್ದು ನುಂಗಲಾಗದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಅದು ಉಸಿರಿನ ಕೊಳವೆಗೆ ಹೋಗುತ್ತದೆ. ಹಾಗೆಯೇ, ತಪ್ಪು ಮಾತ್ರೆ ನುಂಗಿದ್ದಾರೆ ಅಂತ ಗೊತ್ತಾದ ತಕ್ಷಣ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವವರಿದ್ದಾರೆ. ದಯವಿಟ್ಟು ಮಾಡಬೇಡಿ. ವಯಸ್ಸಾದವರಿಗೆ ಅದರಿಂದಲೇ ಜಾಸ್ತಿ ಅಪಾಯ.

ಎಸೆಯಬೇಡಿ, ಎಣಿಸಿ

ಗೊತ್ತಿಲ್ಲದ ಮಾತ್ರೆಯನ್ನು ಕಸಕ್ಕೆ ಹಾಕಿಬಿಡೋಣ ಅನಿಸುತ್ತದೆ. ಆದರೆ ಅದು ಹೃದಯಕ್ಕೋ ಫಿಟ್ಸ್‌ಗೋ ಬೇಕೇ ಬೇಕಾದ ಮಾತ್ರೆ ಆಗಿರಬಹುದು. ಅಂಥವನ್ನು ಥಟ್ಟನೆ ನಿಲ್ಲಿಸುವುದೂ ತೊಂದರೆಯೇ. ಹಾಗಾಗಿ ಅದನ್ನು ಡಬ್ಬಿಯಿಂದ ತೆಗೆದು ಒಂದು ಸಣ್ಣ ಕವರಿಗೆ ಹಾಕಿ, ಮೇಲೆ ತಾರೀಕು ಬರೆದಿಡಿ. ಗೊತ್ತಾಗುವವರೆಗೆ ಅದನ್ನು ಕೊಡಬೇಡಿ. ಉಳಿದ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ, ಮುಂದಿನ ಡೋಸ್‌ಗೆ ಮೊದಲು ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಕವರಿಗೆ ಹಾಕುವ ಮೊದಲು ಡಬ್ಬಿಯ ಎಲ್ಲ ಖಾನೆ ಕಾಣುವಂತೆ ಒಂದು ಫೋಟೋ ತೆಗೆಯಿರಿ.

ಯಾವ ಖಾನೆಯಲ್ಲಿ ಮಾತ್ರೆ ಉಳಿದಿದೆ, ಯಾವುದರಲ್ಲಿ ಇಲ್ಲ ಅನ್ನುವುದರಿಂದ ಎಷ್ಟು ಹೊಟ್ಟೆಗೆ ಹೋಗಿದೆ ಅಂತ ಗೊತ್ತಾಗುತ್ತದೆ. ನಾನು ತುಂಬಿಸಿದ್ದು ಭಾನುವಾರ. ಗುರುವಾರದಿಂದ ಮುಂದಿನ ಭಾನುವಾರದವರೆಗೆ ನಾಲ್ಕು ಬಿಳಿ ಮಾತ್ರೆ ಇದ್ದವು. ಸೋಮವಾರ, ಮಂಗಳವಾರ, ಬುಧವಾರದ ಖಾನೆ ಖಾಲಿ. ಅಂದರೆ ಮೂರು ಮಾತ್ರೆ ಒಳಗೆ ಹೋಗಿರಬೇಕು, ಕೊನೆಯದು ಆವತ್ತು ಬೆಳಿಗ್ಗೆ. ಡಾಕ್ಟರ್ ಮೊದಲು ಕೇಳುವುದೇ ಎಷ್ಟು ಮತ್ತು ಯಾವಾಗ ಅಂತ.

ಬಣ್ಣ ನೋಡಿ ಗುರುತಿಸಲಾಗುವುದಿಲ್ಲ

ಮೊಬೈಲಿನಲ್ಲಿ ಬಿಳಿ ಗುಂಡು ಮಾತ್ರೆ ಅಂತ ಹುಡುಕಿದರೆ ಏನೇನೋ ಬರುತ್ತದೆ. ಅದರಲ್ಲಿ ಹೆಚ್ಚಿನವು ಅಮೆರಿಕದ ಪಟ್ಟಿಗಳು. ಅಲ್ಲಿ ಪ್ರತಿ ಮಾತ್ರೆಯ ಮೇಲೂ ಗುರುತಿನ ಅಕ್ಷರ ಅಥವಾ ಅಂಕಿ ಅಚ್ಚು ಹಾಕಬೇಕೆಂಬ ನಿಯಮವಿದೆ. ನಮ್ಮಲ್ಲಿ ಆ ಕಡ್ಡಾಯ ಇಲ್ಲ. ಇಲ್ಲಿ ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ, ನಿದ್ದೆ ಮಾತ್ರೆ ಎಲ್ಲವೂ ಗುರುತಿಲ್ಲದ ಸಣ್ಣ ಬಿಳಿ ಮಾತ್ರೆಯಾಗಿ ಬರಬಹುದು. ಒಂದೇ ಔಷಧಿಗೆ ಒಂದೊಂದು ಕಂಪನಿ ಒಂದೊಂದು ಬಣ್ಣ ಕೊಡುತ್ತದೆ. ಮೆಡಿಕಲ್ ಶಾಪಿನವರಿಗೂ ಬಿಡಿ ಮಾತ್ರೆ ನೋಡಿ ಖಚಿತವಾಗಿ ಹೇಳಲಾಗುವುದಿಲ್ಲ. ಹಾಗೆ ನೋಡಿದ ಕೂಡಲೇ ಹೇಳಿದರೆ ನಂಬಬೇಡಿ.

ಮಾತ್ರೆಯ ಮೇಲೆ ಹೆಸರಿಲ್ಲದಿದ್ದರೂ ಅದು ಬಂದ ಸ್ಟ್ರಿಪ್ ಮನೆಯಲ್ಲೇ ಎಲ್ಲೋ ಇರುತ್ತದೆ. ಹುಡುಕಬೇಕಾದದ್ದು ಅದನ್ನು. ಸಕ್ಕರೆ ನೀರು ಕುಡಿಸಿದ ಮೇಲೆ ಕಾಯಬೇಕಾದ 15 ನಿಮಿಷದಲ್ಲಿ ನಾನು ಆ ಕೆಲಸಕ್ಕೆ ಇಳಿದೆ.

ಮೊದಲು ಅಮ್ಮನನ್ನೇ ಕೇಳಿದೆ. ಕೇಳುವ ರೀತಿ ಮುಖ್ಯ. "ಏನಮ್ಮಾ ಇದು, ಯಾಕೆ ಹಾಕಿದೆ?" ಅಂದರೆ ತಪ್ಪು ಮಾಡಿಬಿಟ್ಟೆ ಅಂತ ಹೆದರಿ ಮುಚ್ಚಿಡುತ್ತಾರೆ. ಹಿರಿಯರು ಮಾತ್ರೆಯ ಹೆಸರು ನೆನಪಿಟ್ಟುಕೊಳ್ಳುವುದಿಲ್ಲ, ಯಾವುದಕ್ಕೆ, ಯಾವಾಗ ಅನ್ನುವುದನ್ನು ಇಟ್ಟುಕೊಳ್ಳುತ್ತಾರೆ. ಅದಕ್ಕೆ "ಇದನ್ನ ಯಾವ ಹೊತ್ತಿಗೆ ತಗೋತೀಯಮ್ಮಾ?" ಅಂದೆ. "ತಿಂಡಿಗೆ ಮುಂಚೆ. ಶುಗರ್‌ದು. ನೀನು ಹಾಕೋದು ಮರೆತಿದ್ದೆ, ನಾನೇ ಹಾಕಿದೆ" ಅಂದರು. ಸ್ಟ್ರಿಪ್ ಎಲ್ಲಿ ಅಂದರೆ ಹೊಲಿಗೆ ಡಬ್ಬಿ ತೋರಿಸಿದರು.

ಅದರೊಳಗೆ ದಾರದ ಉಂಡೆಗಳ ಕೆಳಗೆ ಹತ್ತು ಮಾತ್ರೆಯ ಒಂದು ತುಂಡು ಇತ್ತು. ಮೆಡಿಕಲ್‌ನಲ್ಲಿ ಉದ್ದ ಸ್ಟ್ರಿಪ್‌ನಿಂದ ಕತ್ತರಿಸಿ ಕೊಟ್ಟದ್ದು. ಹೆಸರು ಅರ್ಧಕ್ಕೇ ತುಂಡಾಗಿತ್ತು, ಆದರೆ ಅಂಚಿನಲ್ಲಿ ಬ್ಯಾಚ್ ನಂಬರ್ ಉಳಿದಿತ್ತು. ಏಳು ಗುಳಿ ಖಾಲಿ, ಮೂರು ತುಂಬಿದ್ದವು. ಡಬ್ಬಿಯಲ್ಲಿ ಉಳಿದ ನಾಲ್ಕು, ತೆಗೆದುಕೊಂಡ ಮೂರು, ಒಟ್ಟು ಏಳು. ಲೆಕ್ಕ ಕೂಡಿತು. ಒಂದನ್ನು ಒತ್ತಿ ತೆಗೆದು ಡಬ್ಬಿಯದ್ದರ ಪಕ್ಕ ಬಿಳಿ ಹಾಳೆಯ ಮೇಲೆ ಇಟ್ಟೆ. ಅದೇ ಗಾತ್ರ, ಅದೇ ಗೀಟು.

ಆಮೇಲೆ ಬಿಲ್. ಮೆಡಿಕಲ್ ಬಿಲ್‌ನಲ್ಲಿ ಔಷಧಿಯ ಹೆಸರಿನ ಪಕ್ಕ ಬ್ಯಾಚ್ ನಂಬರ್, ಮುಗಿಯುವ ತಾರೀಕು ಇರುತ್ತದೆ. ನಮ್ಮ ಮನೆಯಲ್ಲಿ ಬಿಲ್‌ಗಳು ಕ್ಯಾಲೆಂಡರ್ ಹಿಂದಿನ ಕ್ಲಿಪ್ಪಿನಲ್ಲಿರುತ್ತವೆ. ಎರಡು ತಿಂಗಳ ಹಿಂದಿನ ಬಿಲ್‌ನಲ್ಲಿ ಅದೇ ಬ್ಯಾಚ್ ಸಿಕ್ಕಿತು: ಗ್ಲಿಮೆಪಿರೈಡ್ 2 ಮಿಲಿಗ್ರಾಂ. ನಿಮ್ಮಲ್ಲಿ ಬಿಲ್ ಇಲ್ಲದಿದ್ದರೆ ಯಾವಾಗಲೂ ಹೋಗುವ ಅಂಗಡಿಗೆ ಹೋಗಿ. ಎಷ್ಟೋ ಕಡೆ ಮೊಬೈಲ್ ನಂಬರ್ ಹೇಳಿದರೆ ಕಂಪ್ಯೂಟರಿನಲ್ಲಿ ಹಳೆಯ ಬಿಲ್ ತೆಗೆದು ಕೊಡುತ್ತಾರೆ. ಸ್ಟ್ರಿಪ್ಪೂ ಇಲ್ಲ, ಬಿಲ್ಲೂ ಇಲ್ಲ ಅಂದರೆ ಅದು ಯಾವುದೋ ಇರಬಹುದು ಅಂತ ಊಹಿಸಬೇಡಿ. ಗೊತ್ತಿಲ್ಲದ ಮಾತ್ರೆ, ಇಷ್ಟು ತೆಗೆದುಕೊಂಡಿದ್ದಾರೆ ಅಂತಲೇ ಡಾಕ್ಟರಿಗೆ ಹೇಳಿ.

ಒಂದೇ ಔಷಧಿ, ಎರಡು ಹೆಸರು

ಗ್ಲಿಮೆಪಿರೈಡ್ ಅಮ್ಮನದ್ದೇ ಹಳೆಯ ಮಾತ್ರೆ. ಹಾಗಾದರೆ ತೊಂದರೆ ಏನು? ಆಸ್ಪತ್ರೆಯಿಂದ ಬರುವಾಗ ಬೇರೆ ಹೆಸರಿನ ಹೊಸ ಶುಗರ್ ಮಾತ್ರೆ ಬರೆದುಕೊಟ್ಟಿದ್ದರು. ಸ್ಟ್ರಿಪ್‌ನ ಮೇಲೆ ಕಂಪನಿಯ ಹೆಸರು ದೊಡ್ಡದಾಗಿದ್ದರೂ, ಒಳಗೆ ಏನಿದೆ ಅನ್ನುವುದನ್ನೂ ಅಚ್ಚು ಹಾಕಿರುತ್ತಾರೆ. ಓದಿದೆ. ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್ 2 ಮಿಲಿಗ್ರಾಂ ಅಂತಿತ್ತು. ನಾನು ಹೊಸದನ್ನು ಹಾಕಿದ್ದೆ, ಅಮ್ಮ ಹಳೆಯದನ್ನು ಸೇರಿಸಿದ್ದರು. ದಿನಕ್ಕೆ 2 ಹೋಗಬೇಕಾದ ಕಡೆ 4 ಮಿಲಿಗ್ರಾಂ ಹೋಗಿತ್ತು. ಹಳೆಯದನ್ನು ನಿಲ್ಲಿಸಿ ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ.

15 ನಿಮಿಷದ ಮೇಲೆ ಅಮ್ಮನ ಶುಗರ್ 92 ಬಂತು. ಇಲ್ಲಿಗೆ ಮುಗಿಯಿತು ಅಂದುಕೊಂಡರೆ ಕೆಡುತ್ತದೆ. ಗ್ಲಿಮೆಪಿರೈಡ್ ಕೆಲಸ ಸುಮಾರು ಒಂದು ದಿನ ಇರುತ್ತದೆ. ವಯಸ್ಸಾದವರಲ್ಲಿ, ಅದರಲ್ಲೂ ಕಿಡ್ನಿ ನಿಧಾನವಾಗಿದ್ದರೆ ಇನ್ನೂ ಜಾಸ್ತಿ ಹೊತ್ತು ಉಳಿಯುತ್ತದೆ. ಸಕ್ಕರೆ ನೀರಿನ ಫಲ ಬೇಗ ಇಳಿದುಹೋಗಿ ನಡುರಾತ್ರಿ ನಿದ್ದೆಯಲ್ಲೇ ಮತ್ತೆ ಶುಗರ್ ಬೀಳಬಹುದು. ಅದಕ್ಕೇ ತಕ್ಷಣ ಅನ್ನ ಸಾರು ಊಟ ಮಾಡಿಸಿ ಡಾಕ್ಟರಿಗೆ ಫೋನ್ ಮಾಡಿದೆ. ಕರೆದುಕೊಂಡು ಬನ್ನಿ ಅಂದರು. ಡಬ್ಬಿ, ಸ್ಟ್ರಿಪ್ ತುಂಡು, ಬಿಲ್, ಡಿಸ್ಚಾರ್ಜ್ ಚೀಟಿ ಎಲ್ಲವನ್ನೂ ಒಯ್ದೆ. ನೋಡಿದ ಡಾಕ್ಟರ್ ಹೇಳಿದ್ದು: "ಎರಡೂ ಒಂದೇ ಔಷಧಿ ಕಣಮ್ಮ. ಈ ರಾತ್ರಿ ಇಲ್ಲೇ ಇರಲಿ." ರಾತ್ರಿ ಎರಡು ಗಂಟೆಗೆ ಶುಗರ್ ಮತ್ತೆ 66ಕ್ಕೆ ಇಳಿಯಿತು. ಮನೆಯಲ್ಲಿದ್ದಿದ್ದರೆ ನಾವೆಲ್ಲ ಮಲಗಿರುತ್ತಿದ್ದೆವು.

ಡಬ್ಬಿ ಮತ್ತೆ ತುಂಬಿಸುವಾಗ

ಬೇಡ ಅಂತ ಡಾಕ್ಟರ್ ಹೇಳಿದ ಮಾತ್ರೆಯನ್ನು ಮಾತ್ರ ಎಸೆಯಿರಿ. ಕಾಗದದಲ್ಲಿ ಸುತ್ತಿ, ಮೇಲೆ ಔಷಧಿ ಅಂತ ಬರೆದು, ಹಸಿ ಕಸ ಒಣ ಕಸ ಎರಡಕ್ಕೂ ಸೇರಿಸದೆ ಕಸದ ಗಾಡಿಯವರಿಗೆ ಬೇರೆಯಾಗಿ ಕೊಡಿ.

ಆಸ್ಪತ್ರೆಯಿಂದ ಹೊರಡುವ ಮೊದಲು ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಡಾಕ್ಟರ್ ಮುಂದೆ ಇಟ್ಟು, ಒಂದೊಂದಕ್ಕೂ ಇದು ಮುಂದುವರಿಯುತ್ತಾ, ನಿಲ್ಲುತ್ತಾ ಅಂತ ಕೇಳಿ ಬರೆಸಿಕೊಳ್ಳಿ. ನಿಂತದ್ದನ್ನು ಅವತ್ತೇ ಮನೆಯಿಂದ ಹೊರಗೆ ಹಾಕಿ. ಹೊಲಿಗೆ ಡಬ್ಬಿ, ದೇವರ ಮನೆಯ ಶೆಲ್ಫ್, ದಿಂಬಿನ ಕೆಳಗೆ, ಪರ್ಸ್ ಎಲ್ಲ ನೋಡಿ.

ಮಾತ್ರೆಯನ್ನು ಫಾಯಿಲ್ ಸಮೇತ ಕತ್ತರಿಸಿ ಡಬ್ಬಿಗೆ ಹಾಕಿ, ಹೆಸರು ಉಳಿಯುತ್ತೆ ಅಂತ ಕೆಲವರು ಹೇಳುತ್ತಾರೆ. ಕಣ್ಣು ಮಂಜಾದವರಿಗೆ, ಮರೆವು ಇರುವವರಿಗೆ ಇದು ಬೇಡ. ಫಾಯಿಲ್ ಸಮೇತ ನುಂಗಿಬಿಡುತ್ತಾರೆ, ಅದರ ಚೂಪಾದ ಮೂಲೆ ಅನ್ನನಾಳವನ್ನು ಸೀಳಬಹುದು. ನಾನು ಈಗ ಒಂದು ರಟ್ಟಿನ ಮೇಲೆ, ಅಮ್ಮ ತೆಗೆದುಕೊಳ್ಳುವ ಪ್ರತಿ ಮಾತ್ರೆಯ ಒಂದೊಂದನ್ನು ಸಣ್ಣ ಪಾರದರ್ಶಕ ಕವರಿಗೆ ಹಾಕಿ ಅಂಟಿಸಿದ್ದೇನೆ. ಪಕ್ಕದಲ್ಲಿ ಔಷಧಿಯ ಹೆಸರು, ಯಾವುದಕ್ಕೆ, ಯಾವ ಹೊತ್ತಿಗೆ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಕಂಪನಿ ಬದಲಾದಾಗ ಅದನ್ನೂ ಬದಲಿಸುತ್ತೇನೆ. ಅಮ್ಮ ಬೆಳಿಗ್ಗೆ ಡಬ್ಬಿ ತೆರೆದು ಒಂದೊಂದನ್ನೂ ಅದರ ಪಕ್ಕ ಹಿಡಿದು ನೋಡುತ್ತಾರೆ. ಅಲ್ಲಿ ಇಲ್ಲದ್ದು ಕಂಡರೆ ನುಂಗುವ ಮೊದಲು ನನ್ನನ್ನು ಕರೆಯುತ್ತಾರೆ.