ಇಂಗ್ಲಿಷ್ ಪಾಠದ ವಿಡಿಯೊಗೆ ಕನ್ನಡದ ಧ್ವನಿ: ತುಟಿ, ಸಮಯ ತಪ್ಪದಂತೆ ಡಬ್ ಮಾಡುವುದು ಹೇಗೆ?

ವಿಜಯಪುರ, ಬಾಗಲಕೋಟೆ ಕಡೆಯ ಶಿಕ್ಷಕರು ತರಗತಿಗಾಗಿ ತಾವೇ ಡಬ್ ಮಾಡಿದ ವಿಜ್ಞಾನದ ವಿಡಿಯೊಗಳಲ್ಲಿ ಒಂದೇ ದೋಷವನ್ನು ಮತ್ತೆ ಮತ್ತೆ ಕಂಡಿದ್ದೇನೆ. ಇಂಗ್ಲಿಷ್ ಮಾತನ್ನು ಪೂರ್ತಿ ಅನುವಾದಿಸಿ, ಆ ಹಾಳೆಯನ್ನು ಹಿಡಿದು ಓದಲು ಕುಳಿತರೆ ಕನ್ನಡ ಹಿಂದೆ ಬೀಳುತ್ತದೆ. ತೆರೆಯ ಮೇಲಿನ ಶಿಕ್ಷಕಿ ಬಾಯಿ ಮುಚ್ಚಿದ ಮೇಲೂ ಧ್ವನಿ ಮುಂದುವರಿಯುತ್ತದೆ. ಅದನ್ನು ಸರಿದೂಗಿಸಲು ಓದುವವರು ಉಸಿರು ಕಟ್ಟಿಕೊಂಡು ಓಡುತ್ತಾರೆ. ಇದರ ಮೂಲವಿರುವುದು ಬರಹದಲ್ಲಿ. ಆದ್ದರಿಂದ ಕೆಲಸದ ಬಹುಪಾಲು ಸಮಯವನ್ನು ಬರಹಕ್ಕೇ ಕೊಡಬೇಕು.

ಮೊದಲು ವಿಡಿಯೊದ ಪರವಾನಗಿಯನ್ನು ನೋಡಿ. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ND ಎಂಬ ಅಕ್ಷರಗಳಿದ್ದರೆ ಬದಲಾಯಿಸಿದ ರೂಪವನ್ನು ಹಂಚುವಂತಿಲ್ಲ. ಅಂಥದ್ದನ್ನು ಬಿಟ್ಟು ಬೇರೊಂದನ್ನು ಆರಿಸಿಕೊಳ್ಳಿ.

ನಂತರ ಮೂಲ ಧ್ವನಿಯನ್ನು Audacity ತಂತ್ರಾಂಶದಲ್ಲಿ ತೆರೆದು, ಪ್ರತಿ ವಾಕ್ಯ ಶುರುವಾಗುವಲ್ಲಿ ಮತ್ತು ಮುಗಿಯುವಲ್ಲಿ `Ctrl+B` ಒತ್ತಿ ಗುರುತು ಹಾಕಿ. ಪ್ರತಿ ಗುರುತಿನ ಪಕ್ಕದಲ್ಲಿ ಒಂದು ವಿಷಯವನ್ನು ತಪ್ಪದೆ ಬರೆದುಕೊಳ್ಳಿ: ಆಗ ತೆರೆಯ ಮೇಲೆ ಮಾತನಾಡುವವರ ಮುಖ ಕಾಣುತ್ತಿದೆಯೇ, ಅಥವಾ ಚಿತ್ರ ಮಾತ್ರ ಕಾಣುತ್ತಿದೆಯೇ? ತುಟಿಯ ಚಿಂತೆ ಮುಖ ಕಾಣುವ ವಾಕ್ಯಗಳಿಗೆ ಮಾತ್ರ. ಉಳಿದ ಕಡೆ ಸಮಯವೊಂದನ್ನು ನೋಡಿಕೊಂಡರೆ ಸಾಕು.

ಈಗ ಕಷ್ಟದ ಹಂತ. ಸಸ್ಯಗಳ ಪಾಠದಲ್ಲಿ ಶಿಕ್ಷಕಿಯ ಮುಖ ಕಾಣುತ್ತಿದ್ದು, ಆಕೆ ನಿಧಾನವಾಗಿ 'ಪ್ಲಾಂಟ್ಸ್ ಮೇಕ್ ದೇರ್ ಓನ್ ಫುಡ್' ಎನ್ನುತ್ತಾರೆ ಎಂದುಕೊಳ್ಳಿ. ಅದಕ್ಕೆ ಹಿಡಿಯುವುದು 2 ಸೆಕೆಂಡು. ಮಾತು ಮುಗಿದೊಡನೆ ತೆರೆ ಎಲೆಯ ಚಿತ್ರಕ್ಕೆ ಹೊರಳುತ್ತದೆ. ಪಠ್ಯಪುಸ್ತಕದ ಕನ್ನಡದಲ್ಲಿ ಇದು 'ಗಿಡಗಳು ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುತ್ತವೆ' ಎಂದಾಗುತ್ತದೆ. ಇಂಗ್ಲಿಷಿನಲ್ಲಿ 5 ಉಚ್ಚಾರಾಂಶಗಳಿದ್ದರೆ ಇಲ್ಲಿ 21 ಇವೆ. ಮಕ್ಕಳಿಗೆ ತಿಳಿಯುವಂತೆ ಸೆಕೆಂಡಿಗೆ 6ರಂತೆ ಹೇಳಿದರೂ ಇದಕ್ಕೆ ಮೂರೂವರೆ ಸೆಕೆಂಡು ಬೇಕು. ವಿಭಕ್ತಿ ಪ್ರತ್ಯಯವನ್ನು ಬಿಟ್ಟು, ಉದ್ದದ ಕ್ರಿಯಾಪದವನ್ನು ಚಿಕ್ಕದು ಮಾಡಿ 'ಗಿಡಗಳು ತಮ್ಮ ಆಹಾರ ತಾವೇ ಮಾಡುತ್ತವೆ' ಎಂದರೆ 15ಕ್ಕೆ ಇಳಿಯುತ್ತದೆ. ಅರ್ಥ ಎಲ್ಲಿಯೂ ಸೋರಿಲ್ಲ. ಎರಡೂವರೆ ಸೆಕೆಂಡಿನಲ್ಲಿ ಮುಗಿಯುವ ಈ ವಾಕ್ಯದ ಕೊನೆಯ ಅರ್ಧ ಸೆಕೆಂಡು ಎಲೆಯ ಚಿತ್ರದ ಮೇಲೆ ಬೀಳುವುದರಿಂದ ಯಾರಿಗೂ ಅಡ್ಡಿಯಾಗದು.

ತುಟಿಯ ಮಾತು ಇನ್ನೂ ಉಳಿದಿದೆ. ಎಲ್ಲ ಅಕ್ಷರಗಳನ್ನೂ ಹೊಂದಿಸಲು ಹೋಗಬೇಡಿ. ನೋಡುವವರ ಕಣ್ಣಿಗೆ ತಟ್ಟನೆ ಬೀಳುವುದು ಎರಡೂ ತುಟಿ ಕೂಡುವ ಪ, ಬ, ಮ ಮಾತ್ರ, ಮತ್ತು ಈ ಮೂರೂ ನೋಟಕ್ಕೆ ಒಂದೇ. ಶಿಕ್ಷಕಿ 'ಪ್ಲಾಂಟ್ಸ್' ಎನ್ನಲು ತುಟಿ ಮುಚ್ಚಿ ಶುರುಮಾಡುತ್ತಾರೆ; 'ಗಿಡಗಳು' ಎನ್ನುವಾಗ ತುಟಿ ತೆರೆದೇ ಇರುತ್ತದೆ. ಅದರ ಬದಲು 'ಮರಗಿಡ ತಮ್ಮ ಆಹಾರ ತಾವೇ ಮಾಡುತ್ತವೆ' ಎಂದು ಬರೆದರೆ ಉಚ್ಚಾರಾಂಶಗಳು ಅಷ್ಟೇ ಇರುತ್ತವೆ, ಮೊದಲ ಮಕಾರ ಅವರ ಪಕಾರದ ಮೇಲೆ ಸರಿಯಾಗಿ ಕೂರುತ್ತದೆ, 'ಮೇಕ್' ಎಂಬಲ್ಲಿ ತುಟಿ ಮತ್ತೆ ಕೂಡಿದ ಸ್ವಲ್ಪ ಹೊತ್ತಿಗೇ 'ತಮ್ಮ' ಬರುತ್ತದೆ. ವಾಕ್ಯದ ಆರಂಭ ಹೊಂದಿದರೆ ನಡುವಿನ ಸಣ್ಣ ವ್ಯತ್ಯಾಸವನ್ನು ಕಣ್ಣು ಕ್ಷಮಿಸುತ್ತದೆ.

ಚಿತ್ರದ ಭಾಗಗಳಲ್ಲಿ ತೊಡಕು ಪದಗಳ ಕ್ರಮದ್ದು. ಬಾಣದ ಗುರುತು ಎಲೆಯ ರಂಧ್ರವನ್ನು ತೋರಿಸುವ ಹೊತ್ತಿಗೆ ಇಂಗ್ಲಿಷಿನಲ್ಲಿ ರಂಧ್ರದ ಹೆಸರು ಬರುತ್ತದೆ. ಕನ್ನಡದಲ್ಲಿ ಹೆಸರು ಮೊದಲೇ ಬಂದು ಹೋಗಿ, ಬಾಣ ಮೂಡುವಾಗ ಬರಿಯ 'ಕಾಣುತ್ತವೆ' ಉಳಿದಿರುತ್ತದೆ. ಇಂಥ ಕಡೆ ವಾಕ್ಯವನ್ನು ಎರಡಾಗಿ ಒಡೆದು, 'ಎಲೆಯ ಕೆಳಗೆ ನೋಡಿ. ಅಲ್ಲಿರುವುದು ಪತ್ರರಂಧ್ರ' ಎಂದು ಹೆಸರನ್ನು ಕೊನೆಗೆ ತನ್ನಿ.

ಬರೆದ ಪ್ರತಿ ವಾಕ್ಯವನ್ನೂ ಮೂಲ ವಿಡಿಯೊದ ಧ್ವನಿ ನಿಲ್ಲಿಸಿ, ಚಿತ್ರದ ಜೊತೆ ಗಟ್ಟಿಯಾಗಿ ಹೇಳಿ ನೋಡಬೇಕು. ನಮ್ಮ ಭಾಗದವರು 'ಮಾಡುತ್ತವೆ' ಎಂಬುದನ್ನು 'ಮಾಡ್ತಾವ' ಎಂದು ಚಿಕ್ಕದು ಮಾಡುವುದು ರೂಢಿ. ಆದ್ದರಿಂದ ಧ್ವನಿ ಕೊಡುವವರೇ ಅಳೆಯಬೇಕೇ ಹೊರತು ಬರೆದವರಲ್ಲ. ಪಾಠದ ವಿಡಿಯೊದಲ್ಲಿ ಪುಸ್ತಕದ ರೂಪವನ್ನೇ ಇಟ್ಟುಕೊಳ್ಳಿ ಎಂಬುದು ನನ್ನ ಖಚಿತ ಸಲಹೆ, ಏಕೆಂದರೆ ಮಗು ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಆ ರೂಪವನ್ನೇ.

ಧ್ವನಿಮುದ್ರಣ ಸುಲಭ. ಫ್ಯಾನ್ ನಿಲ್ಲಿಸಿ, ಗೋಡೆಗೆ ಕೌದಿ ಇಳಿಬಿಟ್ಟು, ಬೇಸಿಗೆಯಲ್ಲಾದರೆ ಬೆಳಗಿನ ಜಾವ ಮುಗಿಸಿಕೊಳ್ಳಿ. ಕಾಲರಿಗೆ ಸಿಕ್ಕಿಸುವ ತೀರಾ ಅಗ್ಗದ ಮೈಕುಗಳು ಗುಂಯ್ ಎನ್ನುತ್ತವೆ. ಅವುಗಳಿಗಿಂತ ಒಂದು ಗೇಣು ದೂರದಲ್ಲಿಟ್ಟ ಮೊಬೈಲೇ ವಾಸಿ.

ಒಂದೆರಡು ವಾಕ್ಯಗಳು ಆಗಲೂ ಉದ್ದವಾದರೆ Audacityಯ `Change Tempo` ಬಳಸಬಹುದು. `Change Speed and Pitch` ಬೇಡ, ಅದು ಸ್ವರವನ್ನೂ ಏರಿಸುತ್ತದೆ. ನೂರಕ್ಕೆ 5ಕ್ಕಿಂತ ಹೆಚ್ಚು ವೇಗ ಬೇಕಾದರೆ ವಾಕ್ಯವನ್ನೇ ತಿದ್ದಿ. ಇಡೀ ಧ್ವನಿಯನ್ನು ಒಂದೇ ಸಲ ವೇಗ ಮಾಡುವ ಅಡ್ಡದಾರಿಯನ್ನು ಹಿಡಿಯಲೇಬೇಡಿ, ಏಕೆಂದರೆ ಆಗ ಸರಿಯಾಗಿದ್ದ ವಾಕ್ಯಗಳೂ ಕೆಡುತ್ತವೆ. ಮುಖವಿಲ್ಲದ ಕಡೆ ಸ್ಥಿರಚಿತ್ರವನ್ನು ಒಂದು ಸೆಕೆಂಡು ಹೆಚ್ಚು ನಿಲ್ಲಿಸುವುದು ಇದಕ್ಕಿಂತ ಎಷ್ಟೋ ಮೇಲು.

ಸಿದ್ಧವಾದ ವಿಡಿಯೊವನ್ನು ತರಗತಿಯಲ್ಲಿ ತೋರಿಸುವಾಗ ಎಲ್ಲ ವಾಕ್ಯಗಳಲ್ಲೂ ತುಟಿಗಿಂತ ಧ್ವನಿ ಒಂದೇ ಅಳತೆಯಲ್ಲಿ ತಡವಾಗಿ ಕೇಳಿದರೆ ಬರಹವನ್ನು ತಿದ್ದಲು ಹೋಗಬೇಡಿ. ಬ್ಲೂಟೂತ್ ಸ್ಪೀಕರುಗಳು ಧ್ವನಿಯನ್ನು ಕೊಂಚ ತಡವಾಗಿ ಹೊರಡಿಸುತ್ತವೆ. ತಂತಿಯ ಸ್ಪೀಕರ್ ಜೋಡಿಸಿ ಇನ್ನೊಮ್ಮೆ ನೋಡಿ.