ಮೋಟಾರ್ ವೈಂಡರ್‌ಗಳ ಗುಂಪು ಕಟ್ಟಿದ ನನ್ನ ಅನುಭವ

"ಡೇಟಾ ಅಂದ್ರೆ ನಮ್ಮ ಅನ್ನ ಕಣಪ್ಪ, ಅದನ್ನ ಯಾರು ಕೊಡ್ತಾರೆ?" ಹಿರಿಯೂರಿನ ಹಿರಿಯ ವೈಂಡರ್ ಒಬ್ಬರು ನನಗೆ ಹೇಳಿದ ಮಾತಿದು. ಸಬ್‌ಮರ್ಸಿಬಲ್ ಮೋಟಾರಿಗೆ ತಂತಿ ಸುತ್ತುವವರಿಗೆ ಮಾತ್ರ, ಯಾವ ಮೋಟಾರಿಗೆ ಎಷ್ಟು ಸುತ್ತು ಅನ್ನೋ ಡೇಟಾ ಹಂಚಿಕೊಳ್ಳೋಕೆ ಒಂದು ಗುಂಪು ಮಾಡ್ತೀನಿ ಅಂದಾಗ ಎಲ್ಲರೂ ಹೀಗೇ ಅಂದರು.

ಮೊದಲ ಗುಂಪು ವಾಟ್ಸಾಪ್‌ನಲ್ಲಿತ್ತು. ಕೇಳಿದವರನ್ನೆಲ್ಲ ಸೇರಿಸಿದೆ. ಎರಡೇ ತಿಂಗಳಲ್ಲಿ ಬೆಳಗಿನ ಶುಭೋದಯ, ಹಳೆ ತಾಮ್ರದ ರೇಟು, ರಾಜಕೀಯ ಬಿಟ್ಟರೆ ಏನೂ ಉಳಿಯಲಿಲ್ಲ. ಮುಚ್ಚಿಬಿಟ್ಟೆ.

ನಿಜವಾದ ಪಾಠ ಸಿಕ್ಕಿದ್ದು ಎರಡನೇ ಗುಂಪಿನಲ್ಲಿ. ಒಬ್ಬರು ಆರಿಂಚಿನ ಬೋರ್‌ವೆಲ್‌ಗೆ ಇಳಿಸುವ 5 ಎಚ್‌ಪಿ ವಿ6 ಮೋಟಾರಿನ ಡೇಟಾ ಹಾಕಿದರು: 24 ಸ್ಲಾಟ್, 36 ಸುತ್ತು. ಇನ್ನೊಬ್ಬರು ಅದನ್ನೇ ನೋಡಿ ಸುತ್ತಿದರು. ಆದರೆ ಮೊದಲನೆಯದರಲ್ಲಿ ತಂತಿ ಕೂರುವ ಕಬ್ಬಿಣದ ಕೋರ್‌ನ ಉದ್ದ 180 ಮಿ.ಮೀ., ಇವರದು 150. ಕೋರ್ ಗಿಡ್ಡ ಆದಷ್ಟೂ ಸುತ್ತು ಜಾಸ್ತಿ ಬೇಕಲ್ವಾ? ಲೆಕ್ಕಕ್ಕೆ 43 ಸುತ್ತು ಹಾಕಬೇಕಿತ್ತು. ಖಾಲಿ ಓಡಿಸಿದಾಗಲೇ ಕ್ಲಾಂಪ್ ಮೀಟರ್ 7 ಆಂಪಿಯರ್ ಹತ್ತಿರ ತೋರಿಸಿತ್ತಂತೆ. ಆದರೂ ಇಳಿಸಿದರು. ವಾರಕ್ಕೇ ಸುಟ್ಟಿತು. ಪೈಪ್ ಮತ್ತೆ ಎತ್ತಿದ ಖರ್ಚು, ವೈರು, ಕೂಲಿ ಸೇರಿ ಹತ್ತು ಸಾವಿರ ದಾಟಿತು. ಬೈಗುಳ ನನಗೆ ಬಂತು. ಆ ಗುಂಪೂ ಒಡೆಯಿತು.

ಮೂರನೆಯದನ್ನು ಟೆಲಿಗ್ರಾಂನಲ್ಲಿ ಮಾಡಿದೆ. ಎರಡೇ ನಿಯಮ. ಕೋರ್ ಉದ್ದ, ಒಳವ್ಯಾಸ, ಕನೆಕ್ಷನ್ ಇಲ್ಲದ ಡೇಟಾ ಹಾಕಿದರೆ ತೆಗೆಯುತ್ತೇನೆ, ಯಾರದ್ದೇ ಆಗಲಿ. ಸಹಾಯ ಪಡೆದವರು ಖಾಲಿ ಓಡಿಸಿದಾಗ ಎಷ್ಟು ಆಂಪಿಯರ್ ಬಂತು ಅಂತ ಬರೆಯಬೇಕು, ಬರೆಯುವ ತನಕ ಮುಂದಿನ ಪ್ರಶ್ನೆ ಕೇಳುವಂತಿಲ್ಲ. ಗುಂಪು ನಿಂತಿದ್ದು ಈ ಎರಡನೇ ನಿಯಮದಿಂದ. ಡೇಟಾ ಕೊಟ್ಟವರಿಗೆ ತಮ್ಮ ಲೆಕ್ಕ ಸರಿ ಅಂತ ಹತ್ತು ಜನರ ಮುಂದೆ ಗೊತ್ತಾಗುತ್ತೆ. ಅದಕ್ಕೇ ಮತ್ತೆ ಕೊಡ್ತಾರೆ. ಹುಡುಕಲು ಸುಲಭವಾಗಲಿ ಅಂತ ಪ್ರತಿ ಡೇಟಾಕ್ಕೂ `#v6_5hp` ಥರ ಗುರುತು ಹಾಕ್ತೀವಿ.

ಸೇರುವವರು ನಿಜವಾಗಿ ವೈಂಡರೋ, ಅಂಗಡಿ ಸರಕು ಮಾರೋರೋ ತಿಳಿಯಲು ಒಂದು ಪ್ರಶ್ನೆ ಕೇಳ್ತೀನಿ. ಅದನ್ನಿಲ್ಲಿ ಬರೆಯಲ್ಲ, ಬರೆದರೆ ಕೆಲಸಕ್ಕೆ ಬಾರದಂತಾಗುತ್ತೆ.

ಭಾನುವಾರ ರಾತ್ರಿ ಒಂದು ಗಂಟೆ ಪ್ರಶ್ನೋತ್ತರ ಇಟ್ಟು ನೋಡಿದೆ. ಬೇಸಿಗೆಯಲ್ಲಿ ಎಲ್ಲರೂ ಬೋರ್‌ವೆಲ್ ಹತ್ತಿರವೇ ಇರ್ತಾರೆ, ಯಾರೂ ಬರಲಿಲ್ಲ. ವಾಯ್ಸ್ ಮೆಸೇಜ್ ನಿಲ್ಲಿಸಿದ್ದೂ ತಪ್ಪಾಯಿತು. ಕೆಲಸದಲ್ಲಿ ಕೈಯೆಲ್ಲ ಕೊಳೆಯಾದವರು ಟೈಪ್ ಮಾಡೋದು ಹೇಗೆ? ಈಗ ಅವರು ಮಾತಾಡಿ ಕಳಿಸ್ತಾರೆ, ಒಬ್ಬ ಹುಡುಗ ಬರೆದು ಹಾಕ್ತಾನೆ. ಅವನಿಗೆ ತಿಂಗಳಿಗೆ 1,500. ವರ್ಷದ ಚಂದಾ ತಲೆಗೆ 200, ಜನ ಸುಮಾರು 140. ನಷ್ಟವಿಲ್ಲ.

ಹೋದ ವರ್ಷ ಹಿರಿಯೂರಿನ ಆ ಹಿರಿಯರೂ ಸೇರಿದರು. ನೋಟ್‌ಬುಕ್‌ನ ಹನ್ನೊಂದು ಪುಟಗಳ ಫೋಟೋ ಹಾಕಿದರು. ಕೋರ್ ಉದ್ದ ಒಂದರಲ್ಲೂ ಇರಲಿಲ್ಲ. ಕೈ ನಡುಗಿದರೂ ಎಲ್ಲ ತೆಗೆದೆ, ಫೋನ್ ಮಾಡಿ ಕಾರಣ ಹೇಳಿದೆ. ಅಂಗಡಿಯಲ್ಲಿದ್ದ ಸ್ಟೇಟರ್‌ಗಳನ್ನು ಅಳೆದು, ಮರುವಾರ ನಾಲ್ಕು ಪುಟ ಮತ್ತೆ ಕಳಿಸಿದರು.