ಎರಡನೇ ಬೋಲ್ಟ್ ಕೂರದಿದ್ದಾಗ: ಎಕ್ಸರ್‌ಸೈಜ್ ಸೈಕಲ್ ಜೋಡಿಸಿದ ನನ್ನ ಅನುಭವ

ಅಮ್ಮನ ಮೊಣಕಾಲಿಗೆ ದಿನಾ ಸ್ವಲ್ಪ ಹೊತ್ತು ಸೈಕಲ್ ತುಳಿಯುವುದು ಒಳ್ಳೆಯದು ಎಂದು ಡಾಕ್ಟರ್ ಹೇಳಿದ್ದರು. ಹಾಗಾಗಿ ಮನೆಯಲ್ಲೇ ಜೋಡಿಸಿಕೊಳ್ಳುವ ಎಕ್ಸರ್‌ಸೈಜ್ ಸೈಕಲ್ ತರಿಸಿದೆ. ನಮ್ಮದು ಮೈಸೂರಿನ ಸರಸ್ವತಿಪುರಂನಲ್ಲಿ ಹಳೆಯ ಮನೆ, ಕೆಂಪು ಗಾರೆ ನೆಲ. ಡಬ್ಬದಲ್ಲಿ ಮಧ್ಯದ ಫ್ರೇಮ್, ನೆಲದ ಮೇಲೆ ಕೂರುವ ಎರಡು ಅಡ್ಡ ಕೊಳವೆ, ಹ್ಯಾಂಡಲ್ ಕಂಬ, ಸೀಟು, ಪೆಡಲ್ ಎಲ್ಲ ಬಿಡಿಬಿಡಿಯಾಗಿದ್ದವು. ಬೇಕಾದ ಸ್ಪ್ಯಾನರ್ ಮತ್ತು ಅಲೆನ್ ಕೀ ಅದರಲ್ಲೇ ಇದ್ದವು.

ಮುಂದಿನ ಅಡ್ಡ ಕೊಳವೆ ಸುಲಭವಾಗಿ ಕೂತಿತು. ಹಿಂದಿನದರಲ್ಲಿ ತಪ್ಪಾಯಿತು. ಎರಡು ಬೋಲ್ಟ್‌ಗಳಲ್ಲಿ ಮೊದಲನೆಯದನ್ನು ಹಾಕಿದ ಕೂಡಲೇ ಪೂರ್ತಿ ಬಿಗಿ ಮಾಡಿಬಿಟ್ಟೆ. ಎರಡನೆಯದು ತೂತಿಗೆ ಸರಿಯಾಗಿ ಕೂರಲಿಲ್ಲ. ಒತ್ತಿ ಹೇಗೋ ತೂರಿಸಿ ನಟ್ ತಿರುಗಿಸಿದೆ. ನೆಲಕ್ಕಿಟ್ಟು ಸೀಟಿನ ಕಂಬ ಹಿಡಿದು ಅಲ್ಲಾಡಿಸಿದರೆ ಸೈಕಲ್ ಟಕ್ ಟಕ್ ಎಂದು ಕುಲುಕಿತು. ಅಮ್ಮ ಬಾಗಿಲ ಹತ್ತಿರ ನಿಂತು, "ನೆಲ ಸಮ ಇಲ್ಲ ಕಣೋ" ಎಂದರು. ನನಗೂ ಹಾಗೇ ಅನ್ನಿಸಿತು.

ಆ ಭಾನುವಾರ ಮಂಡ್ಯದಿಂದ ಭಾವ ಬಂದಿದ್ದರು. ಗದ್ದೆಯ ಪಂಪ್‌ಸೆಟ್ ಬಿಚ್ಚಿ ಜೋಡಿಸಿ ಕೈ ಪಳಗಿದವರು. "ನೆಲದ ತಪ್ಪೋ ಸೈಕಲ್ ತಪ್ಪೋ ಮೊದಲು ನೋಡೋಣ, ತಿರುಗಿಸಿ ಇಡು" ಎಂದರು. ನಾಲ್ಕು ತುದಿಗಳ ಕೆಳಗೂ ಒಂದೊಂದು ತುಂಡು ಕಾಗದ ಇಟ್ಟು ಎಳೆದೆವು. ಹಿಂದಿನ ಬಲತುದಿಯದು ಸಲೀಸಾಗಿ ಬಂತು, ಉಳಿದವು ಹಿಡಿದುಕೊಂಡವು. ಆಮೇಲೆ ಸೈಕಲ್ಲನ್ನು ಅದೇ ಜಾಗದಲ್ಲಿ ಹಿಂದುಮುಂದು ತಿರುಗಿಸಿ ಮತ್ತೆ ಎಳೆದೆವು. ಈಗಲೂ ಹಿಂದಿನ ಬಲತುದಿಯೇ ಎದ್ದಿತ್ತು. ನೆಲದಲ್ಲಿ ತಗ್ಗಿದ್ದಿದ್ದರೆ ಸಡಿಲ ಬೇರೆ ತುದಿಗೆ ಹೋಗಬೇಕಿತ್ತು ಅಲ್ವಾ? ಅದೇ ತುದಿ ಎಂದರೆ ತಪ್ಪು ಸೈಕಲ್ಲಿನದೇ.

ಬಿಚ್ಚಿ ನೋಡಿದಾಗ ಕಾರಣ ಸಿಕ್ಕಿತು. ಒಂದು ಬೋಲ್ಟ್ ಮಾತ್ರ ಬಿಗಿಯಾದಾಗ ಕೊಳವೆ ಕೊಂಚ ಓರೆಯಾಗಿ ಕಚ್ಚಿಕೊಂಡಿತ್ತು. ಎರಡನೇ ಬೋಲ್ಟ್ ಅದನ್ನು ನೇರ ಮಾಡಲಿಲ್ಲ, ಓರೆಯಲ್ಲೇ ಹಿಡಿದಿಟ್ಟಿತು. ಇನ್ನೊಂದು ತಪ್ಪೂ ಇತ್ತು. ಈ ಜಾಗಕ್ಕೆ ಬರುವ ವಾಷರ್ ಚಪ್ಪಟೆ ಅಲ್ಲ, ಬಾಗಿದ್ದು. ಅದರ ಒಳಬಾಗು ಕೊಳವೆಯ ಉಬ್ಬನ್ನು ತಬ್ಬಬೇಕು. ನಾನು ಒಂದನ್ನು ಮಗುಚಿ ಹಾಕಿದ್ದೆ. ಹಾಗೆ ಹಾಕಿದರೆ ನಟ್ ಬಿಗಿಯಾದಂತೆ ಅನಿಸುತ್ತದೆ, ಆದರೆ ಒತ್ತಡ ವಾಷರಿನ ಸ್ವಲ್ಪ ಭಾಗದ ಮೇಲಷ್ಟೇ ಬೀಳುತ್ತದೆ. ತುಳಿದ ಹಾಗೆಲ್ಲ ಸಡಿಲವಾಗುತ್ತದೆ.

ಎರಡನೇ ಸಲ ಭಾವ ಹೇಳಿದ ಕ್ರಮದಲ್ಲೇ ಮಾಡಿದೆ. ಎರಡೂ ಬೋಲ್ಟ್ ಹಾಕಿ, ವಾಷರ್ ಸರಿಯಾಗಿಟ್ಟು, ನಟ್ಟನ್ನು ಬೆರಳಲ್ಲಿ ತಿರುಗುವಷ್ಟೇ ತಿರುಗಿಸಿದೆ. ಸೈಕಲ್ಲನ್ನು ನೆಲಕ್ಕಿಟ್ಟು, ಭಾರ ಕೊಳವೆಯ ಮೇಲೆ ಬೀಳುವಂತೆ ಭಾವ ಮೇಲಿಂದ ಒತ್ತಿ ಹಿಡಿದರು. ಆಗ ಒಂದು ನಟ್ಟಿಗೆ ಅರ್ಧ ಸುತ್ತು, ಇನ್ನೊಂದಕ್ಕೆ ಅರ್ಧ ಸುತ್ತು, ಹೀಗೆ ಬದಲಿಸುತ್ತಾ ಬಿಗಿ ಮಾಡಿದೆ. ಹ್ಯಾಂಡಲ್ ಕಂಬಕ್ಕೆ ನಾಲ್ಕು ಬೋಲ್ಟ್. ಅಲ್ಲಿ ಒಂದಾದ ಮೇಲೆ ಅದರ ಎದುರಿನದು. ಪಂಪಿನ ಪೈಪ್ ಕೂರಿಸುವಾಗಲೂ ಹೀಗೇ ಎಂದರು ಭಾವ. ಕಂಬ ಇಳಿಸುವ ಮೊದಲು ಮೀಟರಿನ ವೈರು ಜೋಡಿಸಿ ಒಳಗೆ ತಳ್ಳಿರಬೇಕು, ಇಲ್ಲದಿದ್ದರೆ ಕಂಬದ ಬಾಯಲ್ಲಿ ಸಿಕ್ಕಿ ಜಜ್ಜಿಹೋಗುತ್ತದೆ.

ಪೆಡಲ್‌ಗಳ ಮೇಲೆ `L` ಮತ್ತು `R` ಅಂತ ಇರುತ್ತದೆ. ಕೂತವರ ಎಡ ಬಲ ಅದು. ಎಡ ಪೆಡಲ್ ಉಲ್ಟಾ ಸುತ್ತಿಗೆ ಬಿಗಿಯಾಗುತ್ತದೆ. ಎರಡು ಮೂರು ಸುತ್ತು ಕೈಯಲ್ಲೇ ಸಲೀಸಾಗಿ ಹೋಗದಿದ್ದರೆ ಸ್ಪ್ಯಾನರ್ ಹಾಕಲೇಬೇಡಿ. ಥ್ರೆಡ್ ಹಾಳಾದರೆ ಪೆಡಲ್ ಕೂರುವ ತೋಳನ್ನೇ ಬದಲಿಸಬೇಕಾಗಬಹುದು.

ಮತ್ತೆ ಕಾಗದ ಎಳೆದೆವು. ಈ ಸಲ ಒಂದು ತುದಿ ಚೂರು ಸಡಿಲ. ತಿರುಗಿಸಿ ಇಟ್ಟರೆ ಸಡಿಲ ಸೈಕಲ್ಲಿನ ಬೇರೆ ತುದಿಗೆ ಹೋಯಿತು, ಆದರೆ ನೆಲದ ಅದೇ ಜಾಗದಲ್ಲಿ. ಈಗ ಅಮ್ಮನ ಮಾತು ನಿಜವಾಯಿತು, ಅಲ್ಲಿ ಗಾರೆ ಸ್ವಲ್ಪ ತಗ್ಗಿದೆ. ಹಿಂದಿನ ಕೊಳವೆಯ ತುದಿಯಲ್ಲಿರುವ ಪ್ಲಾಸ್ಟಿಕ್ ಮುಚ್ಚಳ ತಿರುಗಿಸಿದರೆ ಎತ್ತರ ಹೊಂದುತ್ತದೆ. ಅಷ್ಟು ಸಾಕಾಯಿತು.

ಅಮ್ಮ ಹತ್ತುವ ಮೊದಲು ಇನ್ನೊಂದು ಪರೀಕ್ಷೆ ಮಾಡಿದೆ. ತುಳಿಯುವ ಹೊತ್ತಿಗಿಂತ ಹತ್ತಿ ಇಳಿಯುವಾಗಲೇ ಸೈಕಲ್ ವಾಲುವುದು ಜಾಸ್ತಿ, ಏಕೆಂದರೆ ಆಗ ಪೂರ್ತಿ ಭಾರ ಒಂದೇ ಕಡೆ. ಎಡ ಪೆಡಲ್ಲನ್ನು ತೀರಾ ಕೆಳಗೆ ತಂದು, ಹ್ಯಾಂಡಲ್ ಹಿಡಿದು, ನಿಧಾನವಾಗಿ ಅದರ ಮೇಲೆ ನಿಂತೆ. ಭಾವ ಎದುರು ಬದಿಯ ತುದಿಗಳನ್ನು ನೋಡುತ್ತಿದ್ದರು. ಬಲಗಡೆಯೂ ಹಾಗೇ. ಯಾವ ತುದಿಯೂ ಏಳಲಿಲ್ಲ. ಸೀಟಿನ ಕಂಬವನ್ನು ಇದಕ್ಕಿಂತ ಮೇಲೆ ಎಳೆಯಬಾರದು ಎಂದು ತೋರಿಸುವ ಗೆರೆ ಒಳಗೇ ಇದೆಯಾ ಎಂದೂ ನೋಡಿಕೊಂಡೆ. ಆಮೇಲೆ ಅಮ್ಮ ಹತ್ತಿದರು.

ವಾರದ ನಂತರ ಎಲ್ಲ ನಟ್ಟಿಗೂ ಮತ್ತೆ ಸ್ಪ್ಯಾನರ್ ಹಾಕಿದೆ. ಹಿಂದಿನ ಎರಡು ನಟ್ಟೂ ಕಾಲು ಸುತ್ತು ತಿರುಗಿದವು. ಎಡ ಪೆಡಲ್ಲೂ ಚೂರು ತಿರುಗಿತು. ಅದಾದ ಮೇಲೆ ತಿಂಗಳಿಗೊಮ್ಮೆ ನೋಡುತ್ತಿದ್ದೇನೆ, ಮತ್ತೆ ಯಾವುದೂ ಅಲುಗಿಲ್ಲ.